ಷೇರಿಗೂ ಒಂದು ಜಾತಕವಿದೆ

ಈ ವರ್ಷ ಜನವರಿಯ ಒಂದು ಭಾನುವಾರ ಬೆಳಿಗ್ಗೆ ಸ್ನೇಹಿತರ ಮಗಳು ಲ್ಯಾಪ್‌ಟಾಪ್ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಬೆಂಗಳೂರಿನ ಒಂದು ಸ್ಟಾರ್ಟಪ್‌ನಲ್ಲಿ ಎಂಜಿನಿಯರ್. ಡಿಸೆಂಬರ್ ಕೊನೆಯಲ್ಲಿ ಕಂಪನಿಗೆ ಹೊಸ ಹೂಡಿಕೆದಾರರು ಬಂದಿದ್ದರು, ಹಳೆಯ ನೌಕರರ ಕೈಯಲ್ಲಿದ್ದ ಷೇರುಗಳನ್ನೂ ಒಂದಿಷ್ಟು ಕೊಂಡಿದ್ದರು. ಇವಳು ತನ್ನ 1,500 ಷೇರುಗಳನ್ನೂ ಕೊಟ್ಟುಬಿಟ್ಟಿದ್ದಳು. ಷೇರಿಗೆ 3,000 ರೂಪಾಯಿಯಂತೆ ಒಟ್ಟು 45 ಲಕ್ಷ.

"ಲೆಕ್ಕ ನಾನೇ ಹಾಕಿದ್ದೀನಿ ಅಂಕಲ್, ಒಂದ್ಸಲ ನೋಡಿಬಿಡಿ ಅಷ್ಟೆ" ಎಂದು ಎಕ್ಸೆಲ್ ತೆರೆದಳು. ಅದರಲ್ಲಿ ಇದ್ದದ್ದು ಒಂದೇ ಸಾಲು. ಕೊಟ್ಟದ್ದು ಷೇರಿಗೆ 10 ರೂಪಾಯಿಯಂತೆ 15,000. ಬಂದದ್ದು 45 ಲಕ್ಷ. ಲಾಭ 44 ಲಕ್ಷ 85 ಸಾವಿರ. ಎರಡು ವರ್ಷ ದಾಟಿದೆ, ಆದ್ದರಿಂದ ಶೇ 12.5. ತೆರಿಗೆ 5,60,625 ರೂಪಾಯಿ.

ಕೂಡಿ ಕಳೆಯುವುದರಲ್ಲಿ ತಪ್ಪಿರಲಿಲ್ಲ. ಆದರೆ ಆ ಒಂದು ಸಾಲಿನಲ್ಲಿ ಅಸಲು ತಪ್ಪು, ವಯಸ್ಸು ತಪ್ಪು, ದರ ಅರ್ಧ ತಪ್ಪು. ತಮಾಷೆಯೆಂದರೆ ಒಂದು ತಪ್ಪು ತೆರಿಗೆಯನ್ನು ಹೆಚ್ಚಿಸಿತ್ತು, ಇನ್ನೊಂದು ಇಳಿಸಿತ್ತು. ಹಾಗಾಗಿ ಕೊನೆಯ ಅಂಕಿ ನೋಡಿದರೆ ಅನುಮಾನವೇ ಬರುತ್ತಿರಲಿಲ್ಲ. ಇಂಥ ತಪ್ಪುಗಳೇ ಅಪಾಯದವು. ಆಡಿಟರ್ ವೃತ್ತಿಯಲ್ಲಿ ಕಲಿತದ್ದು ಇಷ್ಟು: ಉತ್ತರ ಸರಿಯಾಗಿ ಕಾಣುತ್ತಿದೆಯೆಂದರೆ ಲೆಕ್ಕ ಸರಿಯಿದೆ ಎಂದಲ್ಲ.

ಮೊದಲಿಗೆ ಒಂದು ವಿಷಯ ಬಿಡಿಸಿಟ್ಟುಕೊಳ್ಳೋಣ. ಮೊಬೈಲ್ ಆ್ಯಪ್‌ನಲ್ಲಿ ಕೊಂಡು ಮಾರುವ ಇನ್ಫೋಸಿಸ್, ರಿಲಯನ್ಸ್ ಷೇರುಗಳ ನಿಯಮ ಬೇರೆ, ಷೇರುಪೇಟೆಯಲ್ಲಿ ಇನ್ನೂ ನೋಂದಣಿಯಾಗದ, ಅಂದರೆ ಲಿಸ್ಟ್ ಆಗದ ಕಂಪನಿಯ ಷೇರಿನ ನಿಯಮ ಬೇರೆ. ಲಿಸ್ಟ್ ಆದ ಷೇರು ಹನ್ನೆರಡು ತಿಂಗಳು ದಾಟಿದರೆ ದೀರ್ಘಾವಧಿ. ಅದರ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆಯಿಲ್ಲ. ಹನ್ನೆರಡು ತಿಂಗಳ ಒಳಗೆ ಪೇಟೆಯಲ್ಲಿ ಮಾರಿದರೂ ಶೇ 20ರ ನಿಗದಿತ ದರವಿದೆ. ಲಿಸ್ಟ್ ಆಗದ ಷೇರಿಗೆ ಈ ಮೂರೂ ಇಲ್ಲ. ಅದು ದೀರ್ಘಾವಧಿಯಾಗಲು 24 ತಿಂಗಳು ದಾಟಬೇಕು. 1.25 ಲಕ್ಷದ ವಿನಾಯಿತಿ ಸಿಗದು. 24 ತಿಂಗಳ ಒಳಗೆ ಮಾರಿದರೆ ಲಾಭವೆಲ್ಲ ಸಂಬಳದ ಜೊತೆ ಸೇರಿ ಅವರವರ ಸ್ಲ್ಯಾಬ್ ದರದಲ್ಲಿ ತೆರಿಗೆಗೆ ಬೀಳುತ್ತದೆ. ಸ್ಟಾರ್ಟಪ್ ನೌಕರರಲ್ಲಿ ಹಲವರು ಶೇ 30ರ ಸ್ಲ್ಯಾಬಿನಲ್ಲಿರುತ್ತಾರೆ. ಅವರಿಗೆ 24 ತಿಂಗಳ ಗೆರೆಯ ಈಚೆಗೆ ಶೇ 30, ಆಚೆಗೆ ಶೇ 12.5. ಷೇರು ಆ ಗೆರೆಯ ಯಾವ ಬದಿಯಲ್ಲಿದೆ ಎಂದು ತಿಳಿಯಬೇಕಾದರೆ ಅದರ ಜಾತಕ ಬೇಕು: ಅದು ಹುಟ್ಟಿದ್ದು ಎಂದು, ಹುಟ್ಟಿದಾಗ ಅದರ ಬೆಲೆ ಎಷ್ಟು.

"ಈ 1,500 ಷೇರು ಒಂದೇ ದಿನ ಬಂದದ್ದಾ?" ಎಂದು ಕೇಳಿದೆ. ಅಲ್ಲ. ಕಂಪನಿ ಅವಳಿಗೆ ಈಸಾಪ್ ಕೊಟ್ಟಿತ್ತು, ಅಂದರೆ ಷೇರಿಗೆ 10 ರೂಪಾಯಿಯಂತೆ ಮುಂದೆಂದಾದರೂ ಕೊಳ್ಳುವ ಹಕ್ಕು. ಆ ಹಕ್ಕನ್ನು ಅವಳು ಎರಡು ಸಲ ಚಲಾಯಿಸಿದ್ದಳು. ಫೆಬ್ರವರಿ 2021ರಲ್ಲಿ 1,000 ಷೇರಿಗೆ ದುಡ್ಡು ಕಟ್ಟಿದಳು, 18 ಮಾರ್ಚ್ 2021ರಂದು ಷೇರು ಅಲಾಟ್ ಆಯಿತು. ಮತ್ತೆ 10 ನವೆಂಬರ್ 2023ರಂದು 500 ಷೇರಿಗೆ ಕಟ್ಟಿದಳು. ಈ ಸಲ ಕಂಪನಿಯ ಬೋರ್ಡ್ ಸಭೆ ಮುಂದೆ ಮುಂದೆ ಹೋಗಿ, ಅಲಾಟ್‌ಮೆಂಟ್ ಆದದ್ದು 12 ಜನವರಿ 2024ರಂದು. ಈ ಎರಡು ತಿಂಗಳ ವಿಳಂಬವನ್ನು ನೆನಪಿಡಿ, ಮುಂದೆ ಅದರ ಬೆಲೆ ತಿಳಿಯುತ್ತದೆ.

ಈಗ ಅಸಲಿನ ಮಾತು. ಅವಳು ಕೈಯಿಂದ ಕೊಟ್ಟದ್ದು ಷೇರಿಗೆ 10 ರೂಪಾಯಿ, ನಿಜ. ಆದರೆ 10 ರೂಪಾಯಿಗೆ ಷೇರು ಸಿಕ್ಕಿದ ದಿನ ಅದರ ನಿಜವಾದ ಮೌಲ್ಯ ಹೆಚ್ಚೇ ಇತ್ತು. ಆ ವ್ಯತ್ಯಾಸವನ್ನು ಕಾನೂನು ಸಂಬಳವೆಂದೇ ಎಣಿಸುತ್ತದೆ. ಮಾಲೀಕ ಮನೆ ಕೊಟ್ಟರೆ, ಕಾರು ಕೊಟ್ಟರೆ ಹೇಗೋ ಹಾಗೆ ಇದೂ ಒಂದು ಪರ್ಕ್ವಿಸಿಟ್. ಲಿಸ್ಟ್ ಆಗದ ಷೇರಿಗೆ ಪೇಟೆಯ ಬೆಲೆಯಿಲ್ಲ. ಆದ್ದರಿಂದ ಕಂಪನಿ ಒಬ್ಬ ಮರ್ಚೆಂಟ್ ಬ್ಯಾಂಕರ್‌ನಿಂದ ಮೌಲ್ಯದ ವರದಿ ತರಿಸಬೇಕು, ಆ ವರದಿಯ ಬೆಲೆ ಹಕ್ಕು ಚಲಾಯಿಸಿದ ದಿನದ್ದೋ ಅದಕ್ಕಿಂತ 180 ದಿನದೊಳಗಿನದೋ ಆಗಿರಬೇಕು. ಇವಳ ಕಂಪನಿ 2021ರಲ್ಲಿ ಷೇರಿನ ಮೌಲ್ಯ 400 ರೂಪಾಯಿ ಎಂದು ಹಿಡಿದಿತ್ತು, 2023ರಲ್ಲಿ 1,600. ಅದರಂತೆ ಮೊದಲ ಸಲ 390 ರೂಪಾಯಿಯಂತೆ 3 ಲಕ್ಷ 90 ಸಾವಿರ, ಎರಡನೇ ಸಲ 1,590 ರೂಪಾಯಿಯಂತೆ 7 ಲಕ್ಷ 95 ಸಾವಿರ ಅವಳ ಸಂಬಳಕ್ಕೆ ಸೇರಿ, ಆ ತಿಂಗಳುಗಳಲ್ಲೇ ಟಿಡಿಎಸ್ ಕಡಿತವಾಗಿತ್ತು. "ಹೌದು, ಆ ಜನವರಿಯಲ್ಲಿ ಸಂಬಳ ಅಂತ ಕೈಗೆ ಬಂದದ್ದು ಏನೂ ಇರ್ಲಿಲ್ಲ, ಎರಡು ತಿಂಗಳು ಅಪ್ಪನ ಹತ್ರ ಬಾಡಿಗೆಗೆ ಈಸ್ಕೊಂಡಿದ್ದೆ" ಎಂದಳು.

ಹಾಗೆ ಒಮ್ಮೆ ತೆರಿಗೆ ಕಟ್ಟಿದ ಮೊತ್ತಕ್ಕೆ ಮಾರುವಾಗ ಮತ್ತೆ ತೆರಿಗೆ ಬೀಳಬಾರದಲ್ಲ. ಅದಕ್ಕೇ ಈಸಾಪ್ ಷೇರಿನ ಅಸಲು ಅಂದರೆ ಕೊಟ್ಟ 10 ರೂಪಾಯಿಯಲ್ಲ, ಪರ್ಕ್ವಿಸಿಟ್ ಲೆಕ್ಕಕ್ಕೆ ಹಿಡಿದ ಪೂರ್ತಿ ಮೌಲ್ಯ. ಮೊದಲ ಸಾವಿರಕ್ಕೆ ಅಸಲು ತಲಾ 400, ಆಮೇಲಿನ ಐನೂರಕ್ಕೆ ತಲಾ 1,600. ಇದನ್ನು ಮರೆತದ್ದರಿಂದ ಅವಳ ಎಕ್ಸೆಲ್‌ನಲ್ಲಿ ಲಾಭ 11 ಲಕ್ಷ 85 ಸಾವಿರದಷ್ಟು ಉಬ್ಬಿತ್ತು. ನಿಜವಾದ ಲಾಭ 33 ಲಕ್ಷ. ಈ ಒಂದು ತಪ್ಪಿನಿಂದ ಜನ ಒಂದೇ ಹಣಕ್ಕೆ ಎರಡು ಸಲ ತೆರಿಗೆ ಕಟ್ಟಿರುವುದನ್ನು ನಾನು ಬಹಳ ನೋಡಿದ್ದೇನೆ. ಹೆಚ್ಚು ಕಟ್ಟಿದವರನ್ನು ಯಾರೂ ಕರೆದು ಕೇಳುವುದಿಲ್ಲವಾದ್ದರಿಂದ ಅದು ಹೊರಗೂ ಬರುವುದಿಲ್ಲ.

ಈ 400, 1,600 ಎಂಬ ಅಂಕಿಗಳಿಗೆ ಸಾಕ್ಷಿ ಬೇಕು. ಆ ವರ್ಷದ ಫಾರ್ಮ್ 16ರ ಜೊತೆ ಬರುವ ಫಾರ್ಮ್ 12ಬಿಎ ಎಂಬ ಹಾಳೆಯಲ್ಲಿ ಪರ್ಕ್ವಿಸಿಟ್‌ನ ಮೊತ್ತ ಇರುತ್ತದೆ. ಷೇರಿನ ಸಂಖ್ಯೆಯಿಂದ ಭಾಗಿಸಿ, ತಾವು ಕೊಟ್ಟ ಬೆಲೆ ಕೂಡಿಸಿದರೆ ಮೌಲ್ಯ ಸಿಗುತ್ತದೆ. ಕೆಲಸ ಬಿಟ್ಟು ಬರುವಾಗ ಜನ ಐಡಿ ಕಾರ್ಡ್ ಕೊಟ್ಟು ಬರುತ್ತಾರೆ, ಕಂಪನಿಯ ಇಮೇಲ್ ಮುಚ್ಚಿಹೋಗುತ್ತದೆ, ಅದರೊಳಗೇ ಈ ಹಾಳೆಗಳೂ ಹೋಗುತ್ತವೆ. ಐದು ವರ್ಷ ಕಳೆದು ಷೇರು ಮಾರುವಾಗ ಹಳೆಯ ಎಚ್‌ಆರ್‌ಗೆ ಫೋನ್ ಮಾಡುವ ಪಾಡು ಯಾರಿಗೂ ಬೇಡ.

ಇಲ್ಲಿ ಒಂದು ಉಪಕಥೆಯಿದೆ. ಕೆಲವು ಸ್ಟಾರ್ಟಪ್‌ಗಳ ನೌಕರರಿಗೆ ಈ ಪರ್ಕ್ವಿಸಿಟ್ ತೆರಿಗೆಯನ್ನು ಮುಂದೂಡುವ ಸೌಲಭ್ಯವನ್ನು 2020ರ ಬಜೆಟ್ ಕೊಟ್ಟಿತು. ಷೇರು ಮಾರಿದಾಗಲೋ, ಕೆಲಸ ಬಿಟ್ಟಾಗಲೋ, ಹೆಚ್ಚೂಕಡಿಮೆ ಐದು ವರ್ಷ ಕಳೆದಾಗಲೋ, ಯಾವುದು ಮೊದಲೋ ಆಗ 14 ದಿನದೊಳಗೆ ಕಟ್ಟಿದರಾಯಿತು. ಕೇಳಲು ಚೆನ್ನಾಗಿದೆ. ಆದರೆ ಬರೀ ಸ್ಟಾರ್ಟಪ್ ಎಂಬ ಸರ್ಕಾರಿ ಮಾನ್ಯತೆ ಇದ್ದರೆ ಸಾಲದು, ತೆರಿಗೆ ರಜೆಗೆ ಅರ್ಹ ಎಂಬ ಇನ್ನೊಂದು ಪ್ರಮಾಣಪತ್ರವೂ ಕಂಪನಿಯ ಬಳಿ ಇರಬೇಕು. ಅದು ಇರುವ ಕಂಪನಿಗಳು ಕಡಿಮೆ. ಮುಂದೂಡಿದವರು ಮಾರುವಾಗ ನೆನಪಿಡಬೇಕಾದದ್ದು, ಅವರ ಮೇಲೆ ಎರಡು ತೆರಿಗೆ ಒಟ್ಟಿಗೆ ಬರುತ್ತದೆ: ಹಳೆಯ ಸಂಬಳದ ಬಾಕಿ, ಹೊಸ ಲಾಭದ್ದು. ಅಸಲು ಮಾತ್ರ ಆಗಲೂ ಅದೇ ಮೌಲ್ಯ.

ಇನ್ನು ವಯಸ್ಸು. "ಎರಡು ವರ್ಷ ದಾಟಿದೆ" ಎಂದು ಅವಳು ಬರೆದುಕೊಂಡದ್ದು ದುಡ್ಡು ಕಟ್ಟಿದ ದಿನದಿಂದ ಎಣಿಸಿ. ನವೆಂಬರ್ 2023ರಿಂದ ಡಿಸೆಂಬರ್ 2025ಕ್ಕೆ ಇಪ್ಪತ್ತೈದು ತಿಂಗಳು. ಇನ್ನು ಕೆಲವರು ಈಸಾಪ್ ಪತ್ರ ಕೈಗೆ ಬಂದ ದಿನದಿಂದಲೇ ಎಣಿಸುತ್ತಾರೆ. ಎರಡೂ ಸಲ್ಲದು. ಹಕ್ಕು ಕೈಯಲ್ಲಿದ್ದ ಕಾಲ ಷೇರು ಕೈಯಲ್ಲಿದ್ದ ಕಾಲವಲ್ಲ. ವಯಸ್ಸು ಎಣಿಸುವುದು ಷೇರು ಅಲಾಟ್ ಆದ ದಿನದಿಂದ ಎಂದು ಕಾಯ್ದೆಯಲ್ಲೇ ಸ್ಪಷ್ಟವಾಗಿದೆ. ವಿಚಿತ್ರ ನೋಡಿ, ಒಂದೇ ಷೇರಿಗೆ ಬೆಲೆ ತೆಗೆದುಕೊಳ್ಳುವುದು ಹಕ್ಕು ಚಲಾಯಿಸಿದ ದಿನದ್ದು, ವಯಸ್ಸು ಎಣಿಸುವುದು ಅಲಾಟ್ ಆದ ದಿನದಿಂದ. ಎರಡೂ ಒಂದೇ ವಾರದಲ್ಲಿ ಆದರೆ ಏನೂ ಅನ್ನಿಸದು. ನಡುವೆ ಎರಡು ತಿಂಗಳು ಬಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಇವಳೇ ಉದಾಹರಣೆ.

ಅಲಾಟ್ ಆದದ್ದು 12 ಜನವರಿ 2024. ಮಾರಿದ್ದು 29 ಡಿಸೆಂಬರ್ 2025. ಇಪ್ಪತ್ತನಾಲ್ಕು ತಿಂಗಳಿಗೆ ಎರಡು ವಾರ ಕಡಿಮೆ. ಐನೂರು ಷೇರುಗಳ ಮೇಲಿನ ಲಾಭ ತಲಾ 1,400ರಂತೆ 7 ಲಕ್ಷ, ಅದೆಲ್ಲ ಅಲ್ಪಾವಧಿ. ಮೊದಲ ಸಾವಿರದ ಮೇಲೆ ತಲಾ 2,600ರಂತೆ 26 ಲಕ್ಷ, ಅದು ಮಾತ್ರ ದೀರ್ಘಾವಧಿ.

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ಹದಿನೈದು ದಿನಕ್ಕೆ ಎಷ್ಟು ಕಳ್ಕೊಂಡೆ?" ಎಂದಳು.

ಲೆಕ್ಕ ಹಾಕಿದೆವು. ಎಲ್ಲ ಕಡಿತ ಕಳೆದು ಅವಳ ಸಂಬಳ 30 ಲಕ್ಷ, ಹೊಸ ತೆರಿಗೆ ಪದ್ಧತಿ. ದೀರ್ಘಾವಧಿಯ 26 ಲಕ್ಷಕ್ಕೆ ಶೇ 12.5ರಂತೆ 3 ಲಕ್ಷ 25 ಸಾವಿರ. ಅಲ್ಪಾವಧಿಯ 7 ಲಕ್ಷ ಸಂಬಳದ ತಲೆಯ ಮೇಲೆ ಕೂತು ಶೇ 30ಕ್ಕೆ ಸಿಕ್ಕಿ 2 ಲಕ್ಷ 10 ಸಾವಿರ. ಅದೇ 7 ಲಕ್ಷ ದೀರ್ಘಾವಧಿಯಾಗಿದ್ದರೆ 87,500 ಸಾಕಿತ್ತು.

ಇಷ್ಟಕ್ಕೇ ಮುಗಿಯಲಿಲ್ಲ. ಸಂಬಳ, ಲಾಭ ಎಲ್ಲ ಸೇರಿ ಆ ವರ್ಷದ ಆದಾಯ 63 ಲಕ್ಷವಾಯಿತು. ಆದಾಯ 50 ಲಕ್ಷ ದಾಟಿದರೆ ತೆರಿಗೆಯ ಮೇಲೆ ಶೇ 10 ಸರ್ಚಾರ್ಜ್. ಅದೂ ಲಾಭದ ತೆರಿಗೆಯ ಮೇಲೆ ಮಾತ್ರವಲ್ಲ, ಸಂಬಳದ ತೆರಿಗೆಯ ಮೇಲೂ. ಅದರ ಮೇಲೆ ಶೇ 4 ಸೆಸ್. ಕಂಪನಿಗೆ ಈ ಮಾರಾಟದ ಲಾಭ ಗೊತ್ತಿರುವುದಿಲ್ಲ, ಅದು ಬರೀ ಸಂಬಳ ನೋಡಿ ವರ್ಷಕ್ಕೆ 4,99,200 ರೂಪಾಯಿ ಟಿಡಿಎಸ್ ಹಿಡಿಯುತ್ತದೆ. ಒಟ್ಟು ತೆರಿಗೆ ಬಂದದ್ದು 11,61,160. ಅಂದರೆ ಅವಳು ಕೈಯಿಂದ ಕಟ್ಟಬೇಕಾದದ್ದು 6,61,960 ರೂಪಾಯಿ. ಇದರಲ್ಲಿ ಸುಮಾರು 50 ಸಾವಿರ, ಷೇರಿಗೂ ಸಂಬಂಧವಿಲ್ಲದ ಸಂಬಳದ ತೆರಿಗೆಯ ಮೇಲೆ ಬಿದ್ದ ಸರ್ಚಾರ್ಜು ಮತ್ತು ಅದರ ಸೆಸ್ಸು. ಅವಳ ಎಕ್ಸೆಲ್ ಹೇಳಿದ್ದಕ್ಕಿಂತ ಒಂದು ಲಕ್ಷ ಜಾಸ್ತಿ. ಹದಿನೈದು ದಿನ ತಡೆದಿದ್ದರೆ ಉಳಿಯುತ್ತಿದ್ದುದು 1,40,140 ರೂಪಾಯಿ.

"ಆಗ ತಡೆಯೋಕೆ ಆಗ್ತಿತ್ತಾ?" ಎಂದರೆ ಪೂರ್ತಿ ಇಲ್ಲ ಎನ್ನಲಾರೆ. ಇಂಥ ಮಾರಾಟಕ್ಕೆ ಕೊಳ್ಳುವವರು ಒಂದು ಗಡುವು ಇಟ್ಟಿರುತ್ತಾರೆ, ಒಬ್ಬ ನೌಕರಳಿಗಾಗಿ ಅದನ್ನು ಮುಂದೆ ಹಾಕುವುದಿಲ್ಲ. ಆದರೆ ಎಲ್ಲ ಷೇರನ್ನೂ ಅವಳು ಕೊಡಲೇಬೇಕೆಂದೇನಿರಲಿಲ್ಲ. ಒಂದೇ ಡಿಮ್ಯಾಟ್ ಖಾತೆಯಲ್ಲಿರುವ ಷೇರುಗಳಿಗೆ, ಮೊದಲು ಬಂದದ್ದು ಮೊದಲು ಹೋಯಿತು ಎಂದು ಎಣಿಸುವುದು ಕಾಯ್ದೆಯ ಕ್ರಮ. ಸಾವಿರ ಮಾತ್ರ ಮಾರಿದ್ದರೆ ತಾನಾಗಿಯೇ 2021ರ ಷೇರುಗಳು ಹೋಗುತ್ತಿದ್ದವು, ಮಿಕ್ಕ ಐನೂರು ಮುಂದಿನ ಅವಕಾಶಕ್ಕೆ ಉಳಿಯುತ್ತಿದ್ದವು. ಇದೇ ನಿಯಮ ತಿರುಗಿಯೂ ಹೊಡೆಯುತ್ತದೆ. "ಹೆಚ್ಚು ಅಸಲಿನ ಹೊಸ ಷೇರು ಮೊದಲು ಮಾರಿದೆ, ಲಾಭ ಕಡಿಮೆ" ಎಂದು ತಮಗೆ ಬೇಕಾದ ಷೇರು ಆರಿಸಿಕೊಳ್ಳಲು ಬರುವುದಿಲ್ಲ.

ಇನ್ನೊಂದು ಜಾಣತನದ ಬಗ್ಗೆಯೂ ಕೇಳಿದಳು: ಒಪ್ಪಂದಕ್ಕೆ ಡಿಸೆಂಬರ್‌ನಲ್ಲಿ ಸಹಿ ಹಾಕಿ, ಷೇರನ್ನು ಜನವರಿ ಕೊನೆಗೆ ವರ್ಗಾಯಿಸಿದ್ದರೆ? ಪೇಟೆಯ ಹೊರಗೆ ಇಬ್ಬರ ನಡುವೆ ನೇರ ನಡೆಯುವ ಮಾರಾಟದಲ್ಲಿ, ಮುಂದೆ ಷೇರು ನಿಜಕ್ಕೂ ಕೈ ಬದಲಾದರೆ, ಒಪ್ಪಂದದ ದಿನವನ್ನೇ ವರ್ಗಾವಣೆಯ ದಿನವೆಂದು ಹಿಡಿಯಬೇಕೆಂದು ತೆರಿಗೆ ಮಂಡಳಿಯ 1995ರ ಸುತ್ತೋಲೆ ಹೇಳುತ್ತದೆ. ಹಾಗಾಗಿ ಸಹಿಯ ತಾರೀಖೇ ಗೆರೆಯ ಈಚೆಗಿದ್ದರೆ, ಡಿಮ್ಯಾಟ್ ಸ್ಲಿಪ್ಪಿನ ತಾರೀಖು ತೋರಿಸಿ ಪಾರಾಗುತ್ತೇನೆಂಬ ಧೈರ್ಯ ಬೇಡ.

ದರದ ಬಗ್ಗೆ ಎರಡು ಮಾತು. 23 ಜುಲೈ 2024ಕ್ಕೆ ಮೊದಲು ಇಲ್ಲಿನ ನಿವಾಸಿಗಳು ಲಿಸ್ಟ್ ಆಗದ ಷೇರಿನ ದೀರ್ಘಾವಧಿ ಲಾಭಕ್ಕೆ ಶೇ 20 ಕಟ್ಟುತ್ತಿದ್ದರು. ಆದರೆ ಹಣದುಬ್ಬರಕ್ಕೆ ತಕ್ಕಂತೆ ಅಸಲನ್ನು ಏರಿಸಿಕೊಳ್ಳಬಹುದಿತ್ತು. ಅಂದಿನಿಂದ ದರ ಶೇ 12.5ಕ್ಕೆ ಇಳಿಯಿತು, ಆ ಏರಿಕೆಯ ಸೌಲಭ್ಯ ಹೋಯಿತು. ಸ್ಟಾರ್ಟಪ್ ನೌಕರರಿಗೆ ಇದರಿಂದ ಒಳ್ಳೆಯದೇ ಆಗಿದೆ. 400 ರೂಪಾಯಿ 3,000 ಆದ ಷೇರಿಗೆ ಹಳೆಯ ಲೆಕ್ಕದಲ್ಲಿ ಅಸಲು 480ರ ಆಸುಪಾಸಿಗೆ ಏರುತ್ತಿತ್ತು ಅಷ್ಟೆ, ತೆರಿಗೆ ಷೇರಿಗೆ 500 ದಾಟುತ್ತಿತ್ತು. ಈಗ 325. ಪೆಟ್ಟು ಬಿದ್ದಿರುವುದು ನಿಧಾನವಾಗಿ ಬೆಳೆದ ಕಂಪನಿಗಳಲ್ಲಿ ಹಳೆಯ ಹೂಡಿಕೆ ಇಟ್ಟವರಿಗೆ. ಎಂಟು ವರ್ಷದಲ್ಲಿ 100 ರೂಪಾಯಿ 130 ಆಗಿದ್ದರೆ, ಹಣದುಬ್ಬರ ಕಳೆದರೆ ಅದು ನಷ್ಟವೇ, ಆದರೂ ಈಗ 30 ರೂಪಾಯಿಗೆ ತೆರಿಗೆ ಕಟ್ಟಬೇಕು. ಮನೆ, ನಿವೇಶನ ಇದ್ದವರಿಗೆ ಹಳೆಯ ಲೆಕ್ಕ ಆರಿಸಿಕೊಳ್ಳುವ ಅವಕಾಶ ಕೊಟ್ಟರು, ಷೇರಿನವರಿಗೆ ಕೊಡಲಿಲ್ಲ. 1 ಏಪ್ರಿಲ್ 2026ರಿಂದ 1961ರ ಕಾಯ್ದೆಯ ಜಾಗಕ್ಕೆ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ಸಂಖ್ಯೆಗಳೆಲ್ಲ ಬದಲಾಗಿವೆ, ಈ ಲೆಕ್ಕದ ಮೂಲ ರೀತಿ ಮಾತ್ರ ಹಾಗೇ ಇದೆ.

ನೌಕರರಲ್ಲದೆ ಏಂಜೆಲ್ ಹೂಡಿಕೆದಾರರಾಗಿ ದುಡ್ಡು ಹಾಕಿದವರಿಗೆ ಸಾಮಾನ್ಯವಾಗಿ ಸಿಗುವುದು ಪ್ರಿಫರೆನ್ಸ್ ಷೇರು, ಮುಂದೆ ಅದು ಈಕ್ವಿಟಿಯಾಗಿ ಬದಲಾಗುತ್ತದೆ. ಹಾಗೆ ಬದಲಾದದ್ದನ್ನು ಮಾರಾಟವೆನ್ನುವುದಿಲ್ಲ. ಅಸಲೂ ಹಳೆಯದೇ, ವಯಸ್ಸೂ ಪ್ರಿಫರೆನ್ಸ್ ಷೇರು ಕೈಗೆ ಬಂದ ದಿನದಿಂದಲೇ. ಈ ಒಂದು ಕಡೆ ಕಾನೂನು ಸಾಮಾನ್ಯ ತಿಳಿವಳಿಕೆಯ ಜೊತೆಗೇ ನಡೆಯುತ್ತದೆ. ತಂದೆಯಿಂದ ಮಗಳಿಗೆ ಉಡುಗೊರೆಯಾಗಿ ಬಂದ ಷೇರಿನಲ್ಲೂ ಅಷ್ಟೆ, ತಂದೆಯ ಅಸಲು, ತಂದೆ ಇಟ್ಟುಕೊಂಡ ಕಾಲ ಎರಡೂ ಮಗಳಿಗೆ ಸಲ್ಲುತ್ತದೆ.

ಮಾರಿದ ಬೆಲೆಯ ವಿಷಯದಲ್ಲಿ ಒಂದು ಎಚ್ಚರ. ಸ್ನೇಹಿತನಿಗೆಂದು ಷೇರನ್ನು ತೀರ ಅಗ್ಗಕ್ಕೆ ಕೊಟ್ಟರೆ, ಈಕ್ವಿಟಿಗಾದರೆ ಕಂಪನಿಯ ಆಸ್ತಿ, ಸಾಲದ ಪುಸ್ತಕದ ಲೆಕ್ಕದಿಂದ ಒಂದು ಕನಿಷ್ಠ ಮೌಲ್ಯ ತೆಗೆಯುತ್ತಾರೆ. ನೀವು ಅದಕ್ಕಿಂತ ಕಡಿಮೆಗೆ ಮಾರಿದ್ದರೆ, ಕೈಗೆ ಬಾರದ ಆ ಮೌಲ್ಯವನ್ನೇ ಮಾರಿದ ಬೆಲೆಯೆಂದು ಹಿಡಿದು ಲಾಭ ಲೆಕ್ಕ ಹಾಕುತ್ತಾರೆ. ಅತ್ತ ಕೊಂಡವನಿಗೂ ವ್ಯತ್ಯಾಸ 50 ಸಾವಿರ ದಾಟಿದರೆ ಅದು ಆದಾಯ. ಇನ್ನು ಕಂಪನಿಯೇ ತನ್ನ ಷೇರನ್ನು ವಾಪಸ್ ಕೊಳ್ಳುವ ಬೈಬ್ಯಾಕ್ ಬೇರೆಯದೇ ದಾರಿ. 1 ಅಕ್ಟೋಬರ್ 2024ರಂದು ನಿಯಮ ಬದಲಾದ ಮೇಲೆ ನಮ್ಮ ಎಂಜಿನಿಯರ್ ಡಿಸೆಂಬರ್ 2025ರಲ್ಲಿ ಹೂಡಿಕೆದಾರರ ಬದಲು ಕಂಪನಿಗೇ ಕೊಟ್ಟಿದ್ದರೆ, 45 ಲಕ್ಷವೂ ಡಿವಿಡೆಂಡ್ ಎಂದು ಸ್ಲ್ಯಾಬ್ ದರಕ್ಕೆ ಬೀಳುತ್ತಿತ್ತು, ಅಸಲು ನಷ್ಟವೆಂದು ಪುಸ್ತಕದಲ್ಲಿ ಉಳಿಯುತ್ತಿತ್ತು. "ಕಂಪನಿ ಷೇರು ಕೊಳ್ತಿದೆ" ಎಂದು ಆಫೀಸಿನಲ್ಲಿ ಸುದ್ದಿ ಬಂದರೆ, ನಿಜಕ್ಕೂ ಕೊಳ್ಳುತ್ತಿರುವವರು ಯಾರು ಎಂದು ಕಾಗದದಲ್ಲಿ ಓದಿಯೇ ಸಹಿ ಹಾಕಬೇಕು.

ಅವಳ ತೆರಿಗೆ ಕಟ್ಟಲು 15 ಮಾರ್ಚ್ ಗಡುವು. ಮುಂಗಡ ತೆರಿಗೆಯ ಮೂರನೇ ಕಂತು 15 ಡಿಸೆಂಬರ್‌ಗೇ ಮುಗಿದಿತ್ತು, ಮಾರಿದ್ದು ಆಮೇಲೆ. ಹಾಗಾಗಿ ಪೂರ್ತಿ ಮೊತ್ತವನ್ನು ಕೊನೆಯ ಕಂತಿನಲ್ಲಿ ಕಟ್ಟಿದರೆ ಬಡ್ಡಿಯಿಲ್ಲ, ಜುಲೈನಲ್ಲಿ ರಿಟರ್ನ್ ಹಾಕುವಾಗ ನೋಡೋಣ ಎಂದರೆ ತಿಂಗಳಿಗೆ ಶೇ 1ರಂತೆ ಬಡ್ಡಿ. ಮನೆ ಕೊಳ್ಳುವ ಯೋಚನೆ ಇದೆಯೆಂದಳು. ದೀರ್ಘಾವಧಿಯ ಪಾಲಿನಿಂದ ಬಂದ 30 ಲಕ್ಷವನ್ನೂ, ಗಮನಿಸಿ, 26 ಲಕ್ಷದ ಲಾಭವನ್ನಷ್ಟೇ ಅಲ್ಲ, ಎರಡು ವರ್ಷದೊಳಗೆ ಒಂದು ಮನೆಗೆ ಹಾಕಿದರೆ ಆ ಲಾಭಕ್ಕೆ ತೆರಿಗೆ ತಪ್ಪುತ್ತದೆ. ಅರ್ಧ ಹಾಕಿದರೆ ಅರ್ಧ. ಮಾರುವ ದಿನ ಅವಳ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಮನೆ ಇರಬಾರದು, ಇರಲಿಲ್ಲ. ಅಲ್ಪಾವಧಿಯ 7 ಲಕ್ಷಕ್ಕೆ ಈ ದಾರಿಯೂ ಮುಚ್ಚಿದೆ. ಮತ್ತೆ ಆ ಹದಿನೈದು ದಿನ!

ರಿಟರ್ನ್ ವಿಷಯದಲ್ಲಿ ಅವಳು ಇನ್ನೊಂದು ತಪ್ಪು ಮಾಡಿಕೊಂಡು ಬಂದಿದ್ದಳು. ಹಿಂದಿನ ಒಂದು ವರ್ಷ ಬರೀ ಸಂಬಳ ಇದೆಯೆಂದು ಐಟಿಆರ್-1 ಹಾಕಿದ್ದಳು. ಲಿಸ್ಟ್ ಆಗದ ಕಂಪನಿಯ ಷೇರು ವರ್ಷದಲ್ಲಿ ಒಂದು ದಿನ ಕೈಯಲ್ಲಿದ್ದರೂ, ಮಾರದಿದ್ದರೂ, ಐಟಿಆರ್-1 ಬರುವುದಿಲ್ಲ. ಐಟಿಆರ್-2ರಲ್ಲಿ ಕಂಪನಿಯ ಹೆಸರು, ಪ್ಯಾನ್, ವರ್ಷದ ಮೊದಲಿಗೆ ಎಷ್ಟು ಷೇರು, ನಡುವೆ ಬಂದದ್ದು, ಹೋದದ್ದು, ಕೊನೆಗೆ ಉಳಿದದ್ದು ಎಲ್ಲ ಬರೆಯಬೇಕು.

ಅವಳು ಹೋದ ಒಂದು ತಿಂಗಳಿಗೆ, ಅವಳೇ ಕಳಿಸಿದ ಒಬ್ಬ ಹುಡುಗ ಫೋನ್ ಮಾಡಿದ. ಬೇರೆ ಕಂಪನಿ. "ಸರ್, ನಂದು 2020ರ ಷೇರು, ಐದು ವರ್ಷ ಆಗಿದೆ, ಎಲ್ಲ ದೀರ್ಘಾವಧಿನೇ. ಮಾರ್ಚ್ ಒಳಗೆ ಮಾರಬಹುದಲ್ವಾ?" ಎಂದ. ಎಷ್ಟು ಷೇರು ಎಂದೆ. ಮೊದಲು ಹತ್ತು ಇತ್ತಂತೆ, ಈಗ ಸಾವಿರ. ನನ್ನ ಕಿವಿ ನೆಟ್ಟಗಾಯಿತು. ಹತ್ತು ಸಾವಿರವಾದದ್ದು ಹೇಗೆ? ಷೇರನ್ನು ಒಡೆದದ್ದೋ, ಬೋನಸ್ ಕೊಟ್ಟದ್ದೋ? "ಎರಡೂ ಒಂದೇ ಅಲ್ವಾ ಸರ್?"

ಜೇಬಿನ ಮಟ್ಟಿಗೆ ಒಂದೇ. ನೂರರ ನೋಟು ಕೊಟ್ಟು ಒಂದೊಂದು ರೂಪಾಯಿಯ ನೂರು ನಾಣ್ಯ ತಗೊಂಡ ಹಾಗೆ. ತೆರಿಗೆಗೆ ಮಾತ್ರ ಇವು ಎರಡು ಬೇರೆ ಲೋಕಗಳು. ಮುಖಬೆಲೆ ಒಡೆದರೆ ಹಳೆಯ ಷೇರಿನ ಅಸಲು ಹೊಸ ತುಂಡುಗಳಿಗೆ ಹಂಚಿಹೋಗುತ್ತದೆ, ವಯಸ್ಸು ಹಳೆಯದೇ ಉಳಿಯುತ್ತದೆ. ಬೋನಸ್ ಕೊಟ್ಟರೆ ಪ್ರತಿ ಬೋನಸ್ ಷೇರೂ ಹೊಸ ಕೂಸು. ಅದರ ಅಸಲು ಸೊನ್ನೆ, ವಯಸ್ಸು ಬೋನಸ್ ಅಲಾಟ್ ಆದ ದಿನದಿಂದ. ಇವನ ಕಂಪನಿ 18 ಸೆಪ್ಟೆಂಬರ್ 2024ರಂದು ಒಂದು ಷೇರಿಗೆ ತೊಂಬತ್ತೊಂಬತ್ತು ಬೋನಸ್ ಕೊಟ್ಟಿತ್ತು. ಸ್ಟಾರ್ಟಪ್‌ಗಳಲ್ಲಿ ಇದು ಮಾಮೂಲು. ಒಂದೊಂದು ಷೇರಿನ ಬೆಲೆ ಹತ್ತಾರು ಸಾವಿರ, ಲಕ್ಷಕ್ಕೆ ಏರಿದಾಗ ಐಪಿಒ ಕಡೆ ಮುಖ ಮಾಡಿದ ಕಂಪನಿಗಳು ಹೀಗೆ ಷೇರಿನ ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ. ನೌಕರರಿಗೆ ಸಿಹಿ ಹಂಚಿ ಫೋಟೊ ತೆಗೆಸಿಕೊಳ್ಳುತ್ತಾರೆ. ಬೋನಸ್ ಎಂಬ ಹೆಸರೇ ಹಾಗಿದೆ.

ಅವನ ಹತ್ತು ಷೇರಿನ ಅಸಲು ತಲಾ 40,000ದಂತೆ 4 ಲಕ್ಷ. ಈಗ ಸಾವಿರ ಷೇರು, ತಲಾ 2,000, ಒಟ್ಟು 20 ಲಕ್ಷ. ನಿಜವಾಗಿ ಗಳಿಸಿದ್ದು 16 ಲಕ್ಷ. ಷೇರು ಒಡೆದಿದ್ದರೆ 16 ಲಕ್ಷಕ್ಕೆ ಶೇ 12.5, 2 ಲಕ್ಷ ಕಟ್ಟಿ ಕೈತೊಳೆದುಕೊಳ್ಳುತ್ತಿದ್ದ. ಬೋನಸ್ ಆದ್ದರಿಂದ ಲೆಕ್ಕ ಹೀಗಾಯಿತು: ಹಳೆಯ ಹತ್ತು ಷೇರು ಮಾರಿದರೆ ಬರುವುದು 20,000, ಅಸಲು 4 ಲಕ್ಷ, ದೀರ್ಘಾವಧಿ ನಷ್ಟ 3 ಲಕ್ಷ 80 ಸಾವಿರ. ಬೋನಸ್‌ನ 990 ಷೇರು ಮಾರಿದರೆ 19 ಲಕ್ಷ 80 ಸಾವಿರ, ಅಸಲು ಸೊನ್ನೆ, ಅಷ್ಟೂ ಲಾಭ, ಅದೂ ಅಲ್ಪಾವಧಿ. ಅವನದು ಶೇ 30ರ ಸ್ಲ್ಯಾಬ್. ಸೆಸ್ ಬಿಟ್ಟು 5 ಲಕ್ಷ 94 ಸಾವಿರ.

"ನಷ್ಟವನ್ನ ಲಾಭದಲ್ಲಿ ಕಳೀಬಹುದಲ್ಲ ಸರ್?" ಕಳೆಯಲಾಗದು. ಅಲ್ಪಾವಧಿ ನಷ್ಟವನ್ನು ಯಾವ ಬಂಡವಾಳ ಲಾಭದಲ್ಲಾದರೂ ಕಳೆಯಬಹುದು, ದೀರ್ಘಾವಧಿ ನಷ್ಟವನ್ನು ದೀರ್ಘಾವಧಿ ಲಾಭದಲ್ಲಿ ಮಾತ್ರ. ಅವನ ನಷ್ಟ ಎಂಟು ವರ್ಷದವರೆಗೆ ಮುಂದಕ್ಕೆ ಹೋಗುತ್ತದೆ, ರಿಟರ್ನ್ ಗಡುವಿನೊಳಗೆ ಹಾಕಿದ್ದರೆ. ಈ ವರ್ಷ ಅದು ಉಪಯೋಗಕ್ಕಿಲ್ಲ.

ಅವನು ಇನ್ನೂ ಮಾರಿರಲಿಲ್ಲ, ಅದೊಂದು ಪುಣ್ಯ. ಬೋನಸ್‌ಗೆ 24 ತಿಂಗಳು ತುಂಬುವುದು ಈ ಸೆಪ್ಟೆಂಬರ್ 18ಕ್ಕೆ. ಅದು ದಾಟಿದ ಮೇಲೆ ಎಲ್ಲವನ್ನೂ ಒಂದೇ ವರ್ಷದಲ್ಲಿ ಮಾರಿದರೆ ಲಾಭ, ನಷ್ಟ ಎರಡೂ ದೀರ್ಘಾವಧಿ. 19 ಲಕ್ಷ 80 ಸಾವಿರದಲ್ಲಿ 3 ಲಕ್ಷ 80 ಸಾವಿರ ಕಳೆದು ಮತ್ತೆ ಅದೇ 16 ಲಕ್ಷ, ಅದೇ 2 ಲಕ್ಷ ತೆರಿಗೆ. ಏಳು ತಿಂಗಳ ಕಾಯುವಿಕೆಗೆ 3 ಲಕ್ಷ 94 ಸಾವಿರ.

ಆದರೆ ಕೊಳ್ಳುವವರು ಈಗ ಇದ್ದಾರೆ, ಸೆಪ್ಟೆಂಬರ್‌ನಲ್ಲಿ ಇರುತ್ತಾರೋ, ಎಷ್ಟು ಕೊಡುತ್ತಾರೋ? ಅದನ್ನು ಆಡಿಟರ್ ಹೇಳಲಾರ. ನಾನು ತೆಗೆದುಕೊಟ್ಟದ್ದು ಒಂದು ಸಂಖ್ಯೆ. ಈಗ ಮಾರಿದರೆ ತೆರಿಗೆ ಕಳೆದು ಅವನ ಕೈಯಲ್ಲಿ 14 ಲಕ್ಷ 6 ಸಾವಿರ ಉಳಿಯುತ್ತದೆ. ಸೆಪ್ಟೆಂಬರ್ ಆದ ಮೇಲೆ ಅಷ್ಟೇ ಉಳಿಯಬೇಕಾದರೆ ಷೇರಿಗೆ 1,550 ರೂಪಾಯಿ ಸಿಕ್ಕರೆ ಸಾಕು. ಬೆಲೆ ಅದಕ್ಕಿಂತ ಕೆಳಗೆ ಹೋಗುತ್ತದೆಂಬ ಅನುಮಾನವಿದ್ದರೆ ಈಗಲೇ ಮಾರಬೇಕು, ಇಲ್ಲದಿದ್ದರೆ ಕಾಯಬೇಕು. ಸ್ವಲ್ಪ ಹೊತ್ತು ಫೋನಿನಲ್ಲಿ ಮೌನ. ಆಮೇಲೆ, "ಸರ್, ನಮ್ಮ ಕಂಪನಿ ಬಗ್ಗೆ ನಿಮಗೇನನ್ಸುತ್ತೆ?" ಎಂದ. "ಒಳಗೆ ಕೂತು ಕೆಲಸ ಮಾಡೋನು ನೀನಪ್ಪ" ಎಂದೆ.